ಎಯುಸಿ ಚೆನ್ನಾಗಿದೆ, ಆದರೂ ಮನುಷ್ಯರ ಬರಹ ಸಿಕ್ಕಿಬೀಳುತ್ತಿದೆ: ದೋಷ ಹುಡುಕುವ ಬಗೆ

ಮನುಷ್ಯ ಬರೆದದ್ದು ಯಾವುದು, ಯಂತ್ರ ಬರೆದದ್ದು ಯಾವುದು ಎಂದು ಹೇಳುವ ಡಿಟೆಕ್ಟರ್ ಒಂದನ್ನು ಪರೀಕ್ಷಿಸಿದ್ದೀರಿ. ಎರಡು ಬಗೆಯ ಬರಹಗಳನ್ನು ಅದು ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಎಂದು ಅಳೆಯುವ, ಹೆಚ್ಚೆಂದರೆ 1 ಬರುವ ಸಂಖ್ಯೆಯೇ ಎಯುಸಿ; ಅದು 0.90 ಬಂದಿದೆ. ಬಳಕೆಗೆ ಬಿಟ್ಟ ಮೇಲೆ ನೋಡಿದರೆ ಸ್ವಂತವಾಗಿ ಬರೆದವರೇ ಸಾಲುಸಾಲಾಗಿ ಬಂದು "ಇದು ನನ್ನದೇ ಬರಹ" ಎನ್ನುತ್ತಿದ್ದಾರೆ. ದೋಷ ಡಿಟೆಕ್ಟರಿನಲ್ಲಿ ಇರಬಹುದು, ಪರೀಕ್ಷೆಗೆ ಕೂಡಿಸಿದ ಬರಹಗಳಲ್ಲಿ ಇರಬಹುದು, ಎಯುಸಿಯನ್ನು ಓದಿದ ರೀತಿಯಲ್ಲೂ ಇರಬಹುದು. ಮೂರನ್ನೂ ಬೇರೆಬೇರೆಯಾಗಿ ಗುರುತಿಸಬಹುದು. ಅದಕ್ಕೆ ಮೊದಲು ಆ ಸಂಖ್ಯೆ ಹುಟ್ಟುವುದು ಹೇಗೆ ಎಂಬುದನ್ನು ಒಮ್ಮೆ ಕೈಯಲ್ಲೇ ಲೆಕ್ಕ ಹಾಕಿ ನೋಡಬೇಕು.

ಹತ್ತು ಬರಹಗಳ ಲೆಕ್ಕ

ಡಿಟೆಕ್ಟರ್ ಪ್ರತಿ ಬರಹಕ್ಕೂ ಒಂದು ಸ್ಕೋರ್ ಕೊಡುತ್ತದೆ. ಸ್ಕೋರ್ ಹೆಚ್ಚಿದ್ದಷ್ಟೂ ಯಂತ್ರದ್ದೆಂಬ ಅನುಮಾನ ಹೆಚ್ಚು ಎಂದಿಟ್ಟುಕೊಳ್ಳಿ. ಯಂತ್ರದ ಐದು ಬರಹಗಳಿಗೆ 0.92, 0.85, 0.70, 0.55, 0.40 ಬಂದಿವೆ. ಮನುಷ್ಯರ ಐದಕ್ಕೆ 0.78, 0.50, 0.35, 0.20, 0.10 ಬಂದಿವೆ.

ಈಗ ಒಂದು ಗಡಿ ಹಾಕಬೇಕು. ಸ್ಕೋರ್ ಆ ಗಡಿಯನ್ನು ಮುಟ್ಟಿದರೆ ಅಥವಾ ದಾಟಿದರೆ ಬರಹ ಯಂತ್ರದ್ದು ಎಂಬ ತೀರ್ಮಾನ. ಒಂದೊಂದು ಗಡಿಯಲ್ಲೂ ಎರಡು ಅಳತೆ ಸಿಗುತ್ತವೆ. ಯಂತ್ರದ ಬರಹಗಳಲ್ಲಿ ಎಷ್ಟು ಪಾಲು ಸಿಕ್ಕಿಬಿದ್ದಿತು ಎಂಬುದು ಪತ್ತೆ ದರ. ಮನುಷ್ಯರ ಬರಹಗಳಲ್ಲಿ ಎಷ್ಟು ಪಾಲು ಅನ್ಯಾಯವಾಗಿ ಸಿಕ್ಕಿಬಿದ್ದಿತು ಎಂಬುದು ತಪ್ಪು ಆರೋಪದ ದರ. ಗಡಿ 0.85 ಇದ್ದಾಗ ಯಂತ್ರದ ಐದರಲ್ಲಿ ಎರಡು ಸಿಗುತ್ತವೆ, ಮನುಷ್ಯರದ್ದು ಒಂದೂ ಸಿಗುವುದಿಲ್ಲ, ಪತ್ತೆ 0.4, ತಪ್ಪು ಆರೋಪ 0. ಗಡಿಯನ್ನು 0.55ಕ್ಕೆ ಇಳಿಸಿದರೆ ಯಂತ್ರದ ನಾಲ್ಕು ಸಿಗುತ್ತವೆ, ಅವುಗಳ ಜೊತೆ 0.78 ಪಡೆದ ಮನುಷ್ಯನ ಬರಹವೂ ಸಿಗುತ್ತದೆ; ಪತ್ತೆ 0.8, ತಪ್ಪು ಆರೋಪ 0.2. ಹೀಗೆ ಗಡಿಯನ್ನು ಮೇಲಿನಿಂದ ಕೆಳಗೆ ಇಳಿಸುತ್ತಾ, ತಪ್ಪು ಆರೋಪವನ್ನು ಅಡ್ಡಕ್ಕೂ ಪತ್ತೆಯನ್ನು ಉದ್ದಕ್ಕೂ ಗುರುತು ಮಾಡಿ ಬಿಂದುಗಳನ್ನು ಸೇರಿಸಿದರೆ ಆರ್‌ಒಸಿ ರೇಖೆ ಸಿದ್ಧ. ಅದು ಎಡಗಡೆಯ ಕೆಳಮೂಲೆಯಲ್ಲಿ ಹೊರಟು ಬಲಗಡೆಯ ಮೇಲ್ಮೂಲೆಯಲ್ಲಿ ಮುಗಿಯುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ರೇಡಾರ್ ಸಂಕೇತವನ್ನು ಗದ್ದಲದಿಂದ ಬೇರ್ಪಡಿಸುವ ಕೆಲಸದಿಂದ ಬಂದ ವಿಧಾನ ಇದು. ರಿಸೀವರ್ ಆಪರೇಟಿಂಗ್ ಕ್ಯಾರೆಕ್ಟರಿಸ್ಟಿಕ್ ಎಂಬ ಪೂರ್ಣ ಹೆಸರಿನಲ್ಲಿ ರಿಸೀವರ್ ಎಂಬ ಪದ ಉಳಿದಿರುವುದು ಅದಕ್ಕೇ.

ರೇಖೆಯ ಕೆಳಗಿನ ವಿಸ್ತೀರ್ಣವೇ ಎಯುಸಿ. ಅದನ್ನು ಪಡೆಯಲು ಚಿತ್ರವೇ ಬೇಡ, ಜೋಡಿ ಎಣಿಸಿದರೂ ಸಾಕು. ಯಂತ್ರದ ಒಂದು, ಮನುಷ್ಯನ ಒಂದು ಬರಹ ತೆಗೆದುಕೊಂಡು ಯಂತ್ರದ್ದಕ್ಕೆ ಹೆಚ್ಚು ಸ್ಕೋರ್ ಬಂದಿದೆಯೇ ಎಂದು ನೋಡಿ. ಬಂದಿದ್ದರೆ 1, ಸಮ ಆಗಿದ್ದರೆ ಅರ್ಧ, ಕಡಿಮೆ ಇದ್ದರೆ ಸೊನ್ನೆ. ಮೇಲಿನ ಲೆಕ್ಕದಲ್ಲಿ 0.92 ಮತ್ತು 0.85 ಮನುಷ್ಯರ ಐದನ್ನೂ ಸೋಲಿಸುತ್ತವೆ, 0.70 ಮತ್ತು 0.55 ನಾಲ್ಕನ್ನು, 0.40 ಮೂರನ್ನು. ಒಟ್ಟು 21. ಜೋಡಿಗಳು 25. ಎಯುಸಿ 0.84.

```python
from sklearn.metrics import roc_auc_score
y = [1,1,1,1,1, 0,0,0,0,0]
s = [0.92,0.85,0.70,0.55,0.40, 0.78,0.50,0.35,0.20,0.10]
print(roc_auc_score(y, s))   # 0.84
```

ಅಂದರೆ ಎಯುಸಿ ಹೇಳುವುದು ಇಷ್ಟೇ: ಕಣ್ಣುಮುಚ್ಚಿ ಎತ್ತಿದ ಒಂದು ಜೋಡಿಯಲ್ಲಿ ಯಂತ್ರದ ಬರಹ ಮೇಲೆ ನಿಲ್ಲುವ ಸಂಭವ ಎಷ್ಟು. ಗಡಿ ಎಲ್ಲಿರಬೇಕು ಎಂದು ಅದು ಹೇಳುವುದಿಲ್ಲ, ಎಷ್ಟು ಜನ ಅನ್ಯಾಯಕ್ಕೆ ಒಳಗಾಗುತ್ತಾರೆ ಎಂದೂ ಹೇಳುವುದಿಲ್ಲ. ಮುಂದೆ ಬರುವ ದೋಷಗಳಲ್ಲಿ ಹೆಚ್ಚಿನವು, ಹೇಳದ ಮಾತನ್ನು ಎಯುಸಿಯ ಬಾಯಿಗೆ ಹಾಕುವುದರಿಂದಲೇ ಹುಟ್ಟುತ್ತವೆ.

ಲಕ್ಷಣ: ಎಯುಸಿ 0.5ಕ್ಕಿಂತ ತೀರಾ ಕೆಳಗಿದೆ

0.16 ಬಂದರೆ ಡಿಟೆಕ್ಟರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಅದು ಚೆನ್ನಾಗಿಯೇ ಬೇರ್ಪಡಿಸುತ್ತಿದೆ, ದಿಕ್ಕು ಮಾತ್ರ ತಿರುಗಿದೆ. ನಿಜವಾಗಿ ಏನೂ ತಿಳಿಯದ ಡಿಟೆಕ್ಟರಿಗೆ 0.5ರ ಆಸುಪಾಸು ಬರಬೇಕು. ಪರ್ಪ್ಲೆಕ್ಸಿಟಿಯನ್ನು ಅಳೆಯುವ ಡಿಟೆಕ್ಟರುಗಳಲ್ಲಿ ಇದು ಸಾಮಾನ್ಯ: ಮುಂದಿನ ಪದ ಎಷ್ಟು ಅನಿರೀಕ್ಷಿತ ಎಂಬುದರ ಅಳತೆ ಅದು, ಯಂತ್ರದ ಬರಹದಲ್ಲಿ ಅದು ಕಡಿಮೆ ಇರುತ್ತದೆ. 2024ರಲ್ಲಿ ಪ್ರಕಟವಾದ ಬೈನಾಕ್ಯುಲರ್ಸ್ ವಿಧಾನದಲ್ಲೂ ಕಡಿಮೆ ಸ್ಕೋರ್ ಎಂದರೆ ಯಂತ್ರ ಎಂದೇ ಅರ್ಥ. ಇಂಥಲ್ಲಿ ಸ್ಕೋರಿನ ಮುಂದೆ ಮೈನಸ್ ಚಿಹ್ನೆ ಹಾಕಿದರೆ 0.16 ಇದ್ದದ್ದು 0.84 ಆಗುತ್ತದೆ. ಆದರೆ ತಿರುಗಿಸುವ ಮೊದಲು ಐದಾರು ಬರಹಗಳನ್ನು ತೆರೆದು, ಲೇಬಲ್‌ಗಳೇ ಅದಲುಬದಲಾಗಿಲ್ಲವೇ ಎಂದು ಕಣ್ಣಾರೆ ನೋಡಿ. ಸಂಖ್ಯೆ ದೊಡ್ಡದಾಗಲಿ ಎಂಬ ಒಂದೇ ಕಾರಣಕ್ಕೆ ತಿರುಗಿಸುವುದು ಸರಿಯಲ್ಲ.

ಲಕ್ಷಣ: ರೇಖೆಯಲ್ಲಿ ಒಂದೇ ಒಂದು ಮೂಲೆ

ರೇಖೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಬದಲು, ಎರಡೇ ನೇರ ಗೆರೆಗಳು ಒಂದು ಬಿಂದುವಿನಲ್ಲಿ ಕೂಡಿದಂತೆ ಕಂಡರೆ, ಸ್ಕೋರಿನ ಜಾಗದಲ್ಲಿ ಯಾರೋ ಹೌದು-ಇಲ್ಲ ಉತ್ತರವನ್ನು ಕೊಟ್ಟಿದ್ದಾರೆ. ಸೈಕಿಟ್-ಲರ್ನ್‌ನಲ್ಲಿ `predict_proba` ಬದಲು `predict` ಬಳಸಿದರೆ ಹೀಗಾಗುತ್ತದೆ. ಪ್ರೋಗ್ರಾಮ್ ಯಾವ ದೂರನ್ನೂ ಹೇಳುವುದಿಲ್ಲ, ಸುಮ್ಮನೆ ಬೇರೆ ಸಂಖ್ಯೆ ಕೊಡುತ್ತದೆ. ನಮ್ಮ ಹತ್ತು ಬರಹಗಳಿಗೆ 0.50ರಲ್ಲಿ ಗಡಿ ಹಾಕಿ ಹೌದು-ಇಲ್ಲ ಮಾಡಿದರೆ ಪತ್ತೆ 0.8, ತಪ್ಪು ಆರೋಪ 0.4. ಒಂದೇ ಬಿಂದು ಇದ್ದಾಗ ವಿಸ್ತೀರ್ಣ ಎಂದರೆ ಪತ್ತೆ ದರ ಮತ್ತು (1 − ತಪ್ಪು ಆರೋಪದ ದರ) ಇವೆರಡರ ಸರಾಸರಿ; ಇಲ್ಲಿ 0.70. ಡಿಟೆಕ್ಟರ್ ಅದೇ, ಬರಹ ಅವೇ, ಆದರೂ 0.84 ಇದ್ದದ್ದು 0.70ಕ್ಕೆ ಇಳಿಯಿತು.

ಹೊರಗಿನ ಡಿಟೆಕ್ಟರುಗಳ ಬಗ್ಗೆ ಓದುವಾಗಲೂ ಇದು ನೆನಪಿರಲಿ. ಓಪನ್‌ಎಐ 2023ರ ಜನವರಿಯಲ್ಲಿ ಬಿಟ್ಟ ಡಿಟೆಕ್ಟರಿನ ಬಗ್ಗೆ ಅದೇ ಸಂಸ್ಥೆ ಹೇಳಿದ್ದು ಒಂದು ಬಿಂದುವನ್ನು: ಇಂಗ್ಲಿಷ್ ಬರಹಗಳಲ್ಲಿ ಪತ್ತೆ ಶೇ 26, ತಪ್ಪು ಆರೋಪ ಶೇ 9. ಆ ಬಿಂದುವಿನಿಂದ ಎರಡು ಗೆರೆ ಎಳೆದರೆ ವಿಸ್ತೀರ್ಣ 0.585. ಅದನ್ನು ಆ ಡಿಟೆಕ್ಟರಿನ ಎಯುಸಿ ಎಂದು ಬರೆದು, ಪೂರ್ಣ ಸ್ಕೋರ್‌ಗಳಿಂದ ಬಂದ ಇನ್ನೊಂದರ ಎಯುಸಿ ಜೊತೆ ಹೋಲಿಸಿದರೆ ಹೋಲಿಕೆ ಸುಳ್ಳಾಗುತ್ತದೆ. ಬಿಂದುವನ್ನು ಬಿಂದುವಿನ ಜೊತೆಗೇ ಹೋಲಿಸಬೇಕು: ಇನ್ನೊಂದು ಡಿಟೆಕ್ಟರ್ ತಪ್ಪು ಆರೋಪ ಶೇ 9 ಇರುವಲ್ಲಿ ಎಷ್ಟು ಹಿಡಿಯುತ್ತದೆ? ಆ ಸಂಸ್ಥೆ ತನ್ನ ಡಿಟೆಕ್ಟರಿನ ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಅದನ್ನು ಹಿಂತೆಗೆದುಕೊಂಡಿತು.

ಲಕ್ಷಣ: ಎಯುಸಿ 0.99, ನಂಬಲಾಗದಷ್ಟು ಚೆನ್ನ

ಇಲ್ಲಿ ಡಿಟೆಕ್ಟರಿಗಿಂತ ಮೊದಲು ಪರೀಕ್ಷೆಯ ಬರಹಗಳನ್ನು ಅನುಮಾನಿಸಬೇಕು. ಮನುಷ್ಯರ ಬರಹ ಒಂದು ಕಡೆಯಿಂದ, ಯಂತ್ರದ ಬರಹ ಇನ್ನೊಂದು ಕಡೆಯಿಂದ ಬಂದಾಗ, ಬರವಣಿಗೆಗೆ ಸಂಬಂಧವೇ ಇಲ್ಲದ ಗುರುತುಗಳು ಜೊತೆಗೆ ಬಂದಿರುತ್ತವೆ. ಕನ್ನಡದಲ್ಲಿ ಇದು ಬಹಳ ಸುಲಭವಾಗಿ ಆಗುತ್ತದೆ. ಹಳೆಯ ಲೇಖನಗಳು ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟ್ ಎನ್‌ಕೋಡಿಂಗ್‌ನಿಂದ ಯೂನಿಕೋಡ್‌ಗೆ ಪರಿವರ್ತನೆ ಆಗಿದ್ದರೆ ಅರ್ಕಾವತ್ತು, ಒತ್ತಕ್ಷರಗಳ ಜಾಗದಲ್ಲಿ ಪರಿವರ್ತಕದ ತಪ್ಪುಗಳು ಉಳಿದಿರುತ್ತವೆ. 'ರಾಜ್‌ಕುಮಾರ್' ಎಂದು ಬರೆಯುವಾಗ ಜ್ ಮತ್ತು ಕು ಒಂದಕ್ಕೊಂದು ಒತ್ತಾಗಿ ಅಂಟಿಕೊಳ್ಳದಂತೆ ತಡೆಯುವ, ಕಣ್ಣಿಗೆ ಕಾಣದ ಅಕ್ಷರ ಒಂದಿದೆ, U+200C. ಒಂದು ಮೂಲದಲ್ಲಿ ಅದನ್ನು ಕ್ರಮವಾಗಿ ಹಾಕಿರುತ್ತಾರೆ, ಇನ್ನೊಂದರಲ್ಲಿ ಅಳಿಸಿಹೋಗಿರುತ್ತದೆ. ಉದ್ಧರಣ ಚಿಹ್ನೆ ನೆಟ್ಟಗಿದೆಯೋ ಬಾಗಿದೆಯೋ, ಸಾಲಿನ ಕೊನೆಯಲ್ಲಿ ಎರಡು ಖಾಲಿ ಜಾಗ ಇದೆಯೋ, ಇಂಥವೂ ಸಾಕು. ತರಬೇತಿ ಪಡೆದ ಡಿಟೆಕ್ಟರ್ ಇವನ್ನೇ ಹಿಡಿದುಕೊಂಡು ಶೈಲಿಯ ತಂಟೆಗೇ ಹೋಗದೆ 0.99 ತಲುಪುತ್ತದೆ.

ಕಂಡುಹಿಡಿಯುವ ಉಪಾಯ ಸರಳ, ಮತ್ತು ನನ್ನ ಅಭಿಪ್ರಾಯದಲ್ಲಿ ಪ್ರತಿ ಪರೀಕ್ಷೆಗೂ ಮೊದಲು ಕಡ್ಡಾಯ: ಡಿಟೆಕ್ಟರನ್ನು ಪಕ್ಕಕ್ಕಿಟ್ಟು, ಮೂರ್ಖ ಅಳತೆಗಳನ್ನೇ ಸ್ಕೋರ್ ಎಂದು ಕೊಟ್ಟು ಎಯುಸಿ ನೋಡುವುದು. ಇಲ್ಲಿ `texts` ಎಂದರೆ ನಿಮ್ಮ ಪರೀಕ್ಷೆಯ ಬರಹಗಳ ಪಟ್ಟಿ, `y` ಎಂದರೆ ಅದೇ ಕ್ರಮದಲ್ಲಿ ಅವುಗಳ ಲೇಬಲ್‌ಗಳು.

```python
print(roc_auc_score(y, [len(t) for t in texts]))
print(roc_auc_score(y, [t.count("\u200c") for t in texts]))
print(roc_auc_score(y, [t.count('"') for t in texts]))
```

ಇವು 0.5ರ ಹತ್ತಿರ ಬರಬೇಕು. ಬರೀ ಉದ್ದದಿಂದಲೇ 0.85 ಅಥವಾ 0.15 ಬಂದರೆ, ಪರೀಕ್ಷೆ ಉದ್ದವನ್ನು ಅಳೆಯುತ್ತಿದೆ ಎಂದರ್ಥ. ಎರಡೂ ಕಡೆಯ ಬರಹಗಳನ್ನು ವಾಕ್ಯ ಮುಗಿಯುವಲ್ಲಿ ಸುಮಾರು ಒಂದೇ ಉದ್ದಕ್ಕೆ ಕತ್ತರಿಸಿ, ಚಿಹ್ನೆಗಳನ್ನು ಒಂದೇ ರೂಪಕ್ಕೆ ತಂದು, ಡಿಟೆಕ್ಟರನ್ನು ಮತ್ತೆ ಓಡಿಸಿ. ಆಗ ಎಷ್ಟು ಇಳಿಯುತ್ತದೋ ಅಷ್ಟು ಭಾಗ ಇಂಥ ಗುರುತುಗಳ ಸೋರಿಕೆಯಿಂದ ಬಂದಿತ್ತು. ವಿಷಯವೂ ಸೋರುತ್ತದೆ: ಮನುಷ್ಯರ ಕಡೆ ಬರೀ ಕ್ರಿಕೆಟ್ ವರದಿ, ಯಂತ್ರದ ಕಡೆ ಬರೀ ಆರೋಗ್ಯ ಲೇಖನ ಇದ್ದರೆ ಡಿಟೆಕ್ಟರ್ ವಿಷಯವನ್ನು ಗುರುತಿಸುತ್ತದೆ. ಪ್ರತಿ ಮನುಷ್ಯನ ಬರಹಕ್ಕೂ ಅದೇ ಶೀರ್ಷಿಕೆಯಲ್ಲಿ, ಅದೇ ಉದ್ದದಲ್ಲಿ ಯಂತ್ರದಿಂದ ಒಂದು ಬರೆಸಿ ಜೋಡಿ ಮಾಡುವುದೇ ಇದಕ್ಕೆ ಮದ್ದು.

ಲಕ್ಷಣ: ಎಯುಸಿ 0.90, ಸೋರಿಕೆ ಇಲ್ಲ, ಆದರೂ ದೂರು ನಿಲ್ಲುತ್ತಿಲ್ಲ

ಮೇಲಿನ ಎಲ್ಲವೂ ಸರಿ ಇದ್ದರೆ ರೇಖೆಯ ಎಡತುದಿಯನ್ನು ನೋಡಬೇಕು. ಎಯುಸಿ ಇಡೀ ರೇಖೆಯ ಸರಾಸರಿ. ತಪ್ಪು ಆರೋಪ ಶೇ 60 ಇರುವ ಭಾಗಕ್ಕೂ ಶೇ 1 ಇರುವ ಭಾಗಕ್ಕೂ ಅದು ಒಂದೇ ತೂಕ ಕೊಡುತ್ತದೆ. ಆದರೆ ಹತ್ತು ಜನ ಪ್ರಾಮಾಣಿಕರಲ್ಲಿ ಆರು ಜನರ ಮೇಲೆ ಆರೋಪ ಹೊರಿಸುವ ಗಡಿಯನ್ನು ಯಾರೂ ಬಳಸುವುದಿಲ್ಲ. ಬಳಕೆಗೆ ಬರುವುದು ಎಡತುದಿಯ ತೆಳ್ಳನೆಯ ಪಟ್ಟಿ ಮಾತ್ರ.

ಎರಡು ಡಿಟೆಕ್ಟರುಗಳನ್ನು ಊಹಿಸಿಕೊಳ್ಳಿ. ಮೊದಲನೆಯದರ ರೇಖೆ ಆರಂಭದಲ್ಲೇ ನೆಟ್ಟಗೆ 0.80ಕ್ಕೆ ಏರಿ, ಅಲ್ಲಿಂದ ನೇರವಾಗಿ ಬಲಗಡೆಯ ಮೇಲ್ಮೂಲೆಗೆ ಹೋಗುತ್ತದೆ. ವಿಸ್ತೀರ್ಣ 0.80 + 0.10 = 0.90. ಎರಡನೆಯದು ಕೆಳಮೂಲೆಯಿಂದ ಓರೆಯಾಗಿ ಏರಿ, ತಪ್ಪು ಆರೋಪ 0.2 ಆಗುವ ಹೊತ್ತಿಗೆ ಪತ್ತೆ 1 ತಲುಪಿ, ಮುಂದೆ ಮಟ್ಟಸವಾಗಿ ಸಾಗುತ್ತದೆ. ವಿಸ್ತೀರ್ಣ 0.10 + 0.80, ಅದೂ 0.90. ಈಗ ತಪ್ಪು ಆರೋಪ ಶೇ 1 ಮೀರಬಾರದು ಎಂದು ಗಡಿ ಹಾಕಿ. ಮೊದಲನೆಯದು ಯಂತ್ರದ ಬರಹಗಳಲ್ಲಿ ಶೇ 80ನ್ನು ಹಿಡಿಯುತ್ತದೆ, ಎರಡನೆಯದು ಶೇ 5ನ್ನು. ಎಯುಸಿ ಒಂದೇ, ಕೆಲಸಕ್ಕೆ ಬರುವುದು ಒಂದು ಮಾತ್ರ.

ಒಂದು ಪತ್ರಿಕೆಗೆ 2000 ಬರಹ ಬಂದಿವೆ, ಅದರಲ್ಲಿ 100 ಯಂತ್ರದ್ದು ಎನ್ನಿ. ಮನುಷ್ಯರದ್ದು 1900. ಶೇ 1ರ ಗಡಿಯಲ್ಲಿ ಎರಡೂ ಡಿಟೆಕ್ಟರುಗಳು 19 ಜನ ಪ್ರಾಮಾಣಿಕರನ್ನು ದೂರುತ್ತವೆ. ಮೊದಲನೆಯದು ಅವರ ಜೊತೆ ಯಂತ್ರದ 80 ಬರಹ ಹಿಡಿದು ಕೊಡುತ್ತದೆ; ಎತ್ತಿಟ್ಟ 99ರಲ್ಲಿ 19 ತಪ್ಪು. ಎರಡನೆಯದು ಹಿಡಿಯುವುದು 5. ಎತ್ತಿಟ್ಟ 24ರಲ್ಲಿ 19 ತಪ್ಪು. ಇಷ್ಟು ಕಡಿಮೆ ಸಿಗುತ್ತಿದೆಯಲ್ಲ ಎಂದು ಎರಡನೆಯದರ ಗಡಿಯನ್ನು ಸಡಿಲಿಸಿ ಶೇ 20ಕ್ಕೆ ತಂದರೆ ಯಂತ್ರದ ನೂರೂ ಸಿಗುತ್ತವೆ, ಜೊತೆಗೆ 380 ಜನ ಪ್ರಾಮಾಣಿಕರೂ ಸಿಗುತ್ತಾರೆ. ದೂರು ಬರುತ್ತಿರುವುದು ಇಲ್ಲಿಂದಲೇ. ಇನ್ನೊಂದು ವಿಷಯ: ಯಂತ್ರದ ಬರಹ 100 ಅಲ್ಲದೆ 20 ಮಾತ್ರ ಇದ್ದರೆ, ಒಳ್ಳೆಯ ಡಿಟೆಕ್ಟರ್ ಕೂಡ ಶೇ 1ರ ಗಡಿಯಲ್ಲಿ 16 ಯಂತ್ರದ್ದಕ್ಕೆ ಸುಮಾರು 20 ಮನುಷ್ಯರದ್ದನ್ನು ಎತ್ತುತ್ತದೆ. ಎಯುಸಿ ಎರಡೂ ಸಂದರ್ಭದಲ್ಲಿ 0.90 ಆಗಿಯೇ ಇರುತ್ತದೆ, ಏಕೆಂದರೆ ಎರಡು ಬಗೆಯ ಬರಹಗಳು ಯಾವ ಪ್ರಮಾಣದಲ್ಲಿ ಬರುತ್ತವೆ ಎಂಬುದು ಅದರ ಲೆಕ್ಕದಲ್ಲೇ ಇಲ್ಲ.

ಹಾಗಾಗಿ ನೋಡಬೇಕಾದ ಸಂಖ್ಯೆ ಇದು:

```python
from sklearn.metrics import roc_curve
fpr, tpr, thr = roc_curve(y, s, drop_intermediate=False)
i = (fpr <= 0.01).sum() - 1
print(thr[i], fpr[i], tpr[i])
```

ತಪ್ಪು ಆರೋಪ ಶೇ 1 ಮೀರದ ಕೊನೆಯ ಗಡಿ, ಅಲ್ಲಿನ ಪತ್ತೆ ದರ, ಎರಡೂ ಸಿಗುತ್ತವೆ. ನಮ್ಮ ಹತ್ತು ಬರಹಗಳಿಗೆ ಓಡಿಸಿದರೆ ಗಡಿ 0.85, ಪತ್ತೆ 0.4. ಎಡತುದಿಯ ಪಟ್ಟಿಗೆ ಒಂದೇ ಸಂಖ್ಯೆ ಬೇಕೆಂದರೆ `roc_auc_score(y, s, max_fpr=0.01)` ಇದೆ. ಆದರೆ ಅದು ಕೊಡುವುದು ಪಟ್ಟಿಯ ನೇರ ವಿಸ್ತೀರ್ಣವಲ್ಲ; ಊಹೆಗೆ 0.5, ಪರಿಪೂರ್ಣಕ್ಕೆ 1 ಬರುವಂತೆ ಹಿಗ್ಗಿಸಿದ ಸಂಖ್ಯೆ. ಮೇಲಿನ ಎರಡು ಡಿಟೆಕ್ಟರುಗಳಿಗೆ ಅದು ಕ್ರಮವಾಗಿ 0.90 ಮತ್ತು 0.51. ಪೂರ್ಣ ಎಯುಸಿ ಮುಚ್ಚಿಟ್ಟ ವ್ಯತ್ಯಾಸ ಇಲ್ಲಿ ತಾನಾಗಿ ಹೊರಬೀಳುತ್ತದೆ.

ಈ ತುದಿಯನ್ನು ನಂಬಬೇಕಾದರೆ ಮನುಷ್ಯರ ಬರಹಗಳು ಸಾಕಷ್ಟು ಇರಬೇಕು. 50 ಬರಹ ಮಾತ್ರ ಇದ್ದರೆ ರೇಖೆಯ ಒಂದೊಂದು ಮೆಟ್ಟಿಲೂ ಶೇ 2 ಅಗಲ. ಶೇ 1 ಎಂಬ ಜಾಗವೇ ಅದರಲ್ಲಿ ಇಲ್ಲ. 300 ಬರಹಗಳಲ್ಲಿ ಒಂದೂ ತಪ್ಪು ಆರೋಪ ಬಾರದಿದ್ದರೂ, ನಿಜವಾದ ದರ ಶೇ 1ರವರೆಗೆ ಇರಬಹುದು ಎಂದೇ ಹಿಡಿಯಬೇಕು. 3ನ್ನು ಬರಹಗಳ ಸಂಖ್ಯೆಯಿಂದ ಭಾಗಿಸಿದರೆ ಶೇ 95ರ ವಿಶ್ವಾಸದ ಮೇಲ್ಮಿತಿ ಸಿಗುತ್ತದೆ. ಒಂದೂ ತಪ್ಪು ಬಾರದಿದ್ದಾಗ ಬಳಸುವ ಅಂದಾಜು ಇದು. ಶೇ 0.1 ಎಂದು ಹೇಳಿಕೊಳ್ಳಲು ಕನಿಷ್ಠ 3000 ಬೇಕು. ಯಂತ್ರದ ಬರಹಗಳನ್ನು ಎಷ್ಟು ಹೆಚ್ಚಿಸಿದರೂ ಈ ಕೊರತೆ ತುಂಬುವುದಿಲ್ಲ. ಗಡಿಯನ್ನು ಆರಿಸಲು ಬಳಸಿದ ಬರಹಗಳಲ್ಲೇ ಪತ್ತೆ ದರವನ್ನೂ ಅಳೆಯಬೇಡಿ. ಅರ್ಧದಲ್ಲಿ ಗಡಿ ಆರಿಸಿ, ಉಳಿದರ್ಧದಲ್ಲಿ ಅಳೆಯಿರಿ.

ಲಕ್ಷಣ: ದೂರು ಒಂದೇ ಗುಂಪಿನವರಿಂದ ಬರುತ್ತಿದೆ

ಎಡತುದಿಯೂ ಸುಮಾರಾಗಿದ್ದು, ದೂರುಗಳೆಲ್ಲ ಒಂದು ಬಗೆಯ ಬರಹಗಾರರಿಂದಲೇ ಬರುತ್ತಿದ್ದರೆ, ಒಟ್ಟು ರೇಖೆ ಎರಡು ಗುಂಪುಗಳನ್ನು ಕಲಸಿಬಿಟ್ಟಿದೆ. ಒಂದು ಗುಂಪಿನಲ್ಲಿ ಮನುಷ್ಯರ ಸ್ಕೋರ್ 0.10ರಿಂದ 0.40, ಯಂತ್ರದ್ದು 0.50ರಿಂದ 0.70. ಇನ್ನೊಂದರಲ್ಲಿ ಮನುಷ್ಯರದ್ದೇ 0.72ರಿಂದ 0.78, ಯಂತ್ರದ್ದು 0.80ರ ಮೇಲೆ. ಪ್ರತ್ಯೇಕವಾಗಿ ನೋಡಿದರೆ ಎರಡರಲ್ಲೂ ಎಯುಸಿ ಸರಿಯಾಗಿ 1. ಎರಡನೇ ಗುಂಪು ಒಟ್ಟಿನಲ್ಲಿ ಹತ್ತನೇ ಒಂದು ಪಾಲು ಮಾತ್ರ ಇದ್ದರೆ, ಕಲಸಿದ ಎಯುಸಿ 0.91. ನೋಡಲು ಚೆನ್ನಾಗಿಯೇ ಇದೆ. ಆದರೆ ಎಲ್ಲರಿಗೂ ಒಂದೇ ಗಡಿ 0.50 ಇಟ್ಟರೆ ಒಟ್ಟು ತಪ್ಪು ಆರೋಪ ಶೇ 10, ಮತ್ತು ಆ ಹತ್ತಕ್ಕೆ ಹತ್ತೂ ಎರಡನೇ ಗುಂಪಿನ ಮೇಲೆ ಬೀಳುತ್ತದೆ: ಅಲ್ಲಿ ಸ್ವಂತವಾಗಿ ಬರೆದ ಪ್ರತಿಯೊಬ್ಬರೂ ಆರೋಪಿ.

ಇದು ಕಾಗದದ ಮೇಲಿನ ಭಯವಷ್ಟೇ ಅಲ್ಲ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಏಳು ಡಿಟೆಕ್ಟರುಗಳಿಗೆ ಇಂಗ್ಲಿಷ್ ಮಾತೃಭಾಷೆಯಲ್ಲದವರ 91 ಟೋಫೆಲ್ ಪ್ರಬಂಧಗಳನ್ನು ಕೊಟ್ಟಾಗ, ತಪ್ಪು ಆರೋಪ ಸರಾಸರಿ ಶೇ 61 ದಾಟಿತ್ತು. ಅಮೆರಿಕದ ಎಂಟನೇ ತರಗತಿ ಮಕ್ಕಳ ಪ್ರಬಂಧಗಳನ್ನು ಅವೇ ಡಿಟೆಕ್ಟರುಗಳು ಬಹುಮಟ್ಟಿಗೆ ಸರಿಯಾಗಿ ಗುರುತಿಸಿದ್ದವು. ಸೀಮಿತ ಪದಸಂಪತ್ತಿನಲ್ಲಿ ಬರೆದಾಗ ಪರ್ಪ್ಲೆಕ್ಸಿಟಿ ಇಳಿಯುತ್ತದೆ, ಇಳಿದದ್ದನ್ನು ಡಿಟೆಕ್ಟರ್ ಯಂತ್ರ ಎಂದು ಓದುತ್ತದೆ. ಕನ್ನಡಕ್ಕೆ ಇದರ ಮೇಲೆ ಇನ್ನೊಂದು ತೊಡಕಿದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್, ಅದರಲ್ಲಿ ಮೊದಲೆರಡು ಯಾವಾಗಲೂ `E0 B2` ಅಥವಾ `E0 B3`. ಇಂಗ್ಲಿಷ್ ಬರಹದ ಮೇಲೆ ಕಟ್ಟಿದ ಜಿಪಿಟಿ-2ರಂಥ ಮಾದರಿಯ ಟೋಕನೈಸರ್ ಕನ್ನಡದ ಅಕ್ಷರಗಳನ್ನು ಇಂಥ ಚೂರುಗಳಾಗಿ ಒಡೆಯುತ್ತದೆ. ಎಲ್ಲರೂ ಊಹಿಸಬಹುದಾದ ಮೊದಲ ಚೂರುಗಳು ಸರಾಸರಿಯನ್ನು ಕೆಳಗೆಳೆಯುತ್ತವೆ. ಹಾಗಾಗಿ ಕನ್ನಡದ ಪರ್ಪ್ಲೆಕ್ಸಿಟಿಯನ್ನು ಇಂಗ್ಲಿಷಿನ ಗಡಿಯಿಂದ ಅಳೆಯುವಂತಿಲ್ಲ. ಒಂದೇ ಬರಹದಲ್ಲಿ ಎರಡೂ ಲಿಪಿ ಬೆರೆತಿದ್ದರೆ ಸ್ಕೋರ್ ಬೆರಕೆಯ ಪ್ರಮಾಣವನ್ನೇ ಹೇಳುತ್ತಿರಬಹುದು.

ಪರೀಕ್ಷೆ ಹೀಗೆ: ಆರಿಸಿದ ಒಂದೇ ಗಡಿಯಲ್ಲಿ, ಮನುಷ್ಯರ ಬರಹಗಳನ್ನು ಮಾತ್ರ ತೆಗೆದುಕೊಂಡು, ಗುಂಪುವಾರು ತಪ್ಪು ಆರೋಪದ ದರ ಬರೆಯಿರಿ. ಭಾಷೆ, ಉದ್ದ, ಪ್ರಕಾರ, ಬರೆದವರ ಮಾತೃಭಾಷೆ, ಇವು ಮೊದಲು ನೋಡಬೇಕಾದ ವಿಂಗಡಣೆಗಳು. ಎಯುಸಿ ಗುಂಪಿನೊಳಗೆ ಚೆನ್ನಾಗಿದ್ದು ದರ ಮಾತ್ರ ಏರಿದ್ದರೆ ಗಡಿ ತಪ್ಪಿದೆ. ಆ ಗುಂಪಿನ ಮನುಷ್ಯರ ಸ್ಕೋರ್‌ಗಳಿಂದಲೇ ಅದಕ್ಕೆ ಬೇರೆ ಗಡಿ ಆರಿಸಬಹುದು. ಎಯುಸಿಯೇ ಗುಂಪಿನೊಳಗೆ 0.6ರ ಸುತ್ತ ಇದ್ದರೆ ಯಾವ ಗಡಿಯೂ ಉಳಿಸುವುದಿಲ್ಲ, ನೂರು ಪದಕ್ಕಿಂತ ಚಿಕ್ಕ ಬರಹಗಳಲ್ಲಿ ಇದೇ ಸ್ಥಿತಿ ಕಾಣಬಹುದು. ಇನ್ನು ಮನುಷ್ಯರ 300 ಬರಹವೂ ಸಿಗದ ಗುಂಪಿಗೆ ಶೇ 1ರ ಮಾತೇ ಆಡುವಂತಿಲ್ಲ. ಅಂಥವರ ಬರಹಕ್ಕೆ ಡಿಟೆಕ್ಟರ್ ತೀರ್ಪು ತೋರಿಸದೆ "ಈ ಬಗೆಯ ಬರಹಕ್ಕೆ ಅಳತೆ ಆಗಿಲ್ಲ" ಎಂದು ತೋರಿಸುವಂತೆ ಮಾಡಿ.